ಕಲ್ಲುಕಂಬಕ್ಕೆ ಶ್ರುತಿ ಕೂರಿಸಿದ್ದು ಹೇಗೆ? ಹಂಪಿಯ ವಿಠ್ಠಲ ಗುಡಿಯ ಕಂಬಗಳ ಲೆಕ್ಕ

(ಇತ್ತೀಚೆಗೆ ಹೊಸಪೇಟೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಂಪಿಯ ಸಂಗೀತದ ಕಂಬಗಳ ಬಗ್ಗೆ ನಿಮಗೆ ಗೊತ್ತೇ ಇದೆ. ಬೆರಳಲ್ಲಿ ತಟ್ಟಿದರೆ ದನಿ ಬರುತ್ತದೆ, ಒಂದು ಕಂಬ ಘಟದ ಹಾಗೆ, ಇನ್ನೊಂದು ಗಂಟೆಯ ಹಾಗೆ, ಮತ್ತೊಂದು ಮೃದಂಗದ ಹಾಗೆ ಅಂತ ಗೈಡುಗಳು ಹೇಳುತ್ತಾರೆ. ಇವತ್ತು ನಾನು ಆ ಹೆಸರುಗಳ ಬಗ್ಗೆ ಮಾತಾಡೋದಿಲ್ಲ. ಆ ದನಿ ಕಲ್ಲಿನ ಯಾವ ಗುಣದಿಂದ ಬರುತ್ತದೆ, ಮತ್ತು ಉಳಿ ಹಿಡಿದ ಶಿಲ್ಪಿ ಅದನ್ನು ಮೇಲೆ ಕೆಳಗೆ ಮಾಡಲು ಏನು ಮಾಡಬಹುದಿತ್ತು, ಇವೆರಡೇ ನನ್ನ ವಿಷಯ. ಶಿಲ್ಪಿಗಳು ತಮ್ಮ ವಿಧಾನವನ್ನು ಬರೆದಿಟ್ಟು ಹೋಗಿಲ್ಲ. ಹಾಗಾಗಿ ಕಲ್ಲನ್ನೇ ಕೇಳಬೇಕು. ಅದೃಷ್ಟಕ್ಕೆ ಕಲ್ಲು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಉತ್ತರ ಕೊಡುತ್ತದೆ.

ಮೊದಲು ಜಾಗ ಯಾವುದು ಅಂತ ನೋಡೋಣ. ವಿಠ್ಠಲ ದೇವಸ್ಥಾನ ಶುರುವಾದದ್ದು 15ನೇ ಶತಮಾನದಲ್ಲಿ, ದೊಡ್ಡದಾಗಿ ಬೆಳೆದದ್ದು ಕೃಷ್ಣದೇವರಾಯನ ಕಾಲದಲ್ಲಿ. ಕಲ್ಲಿನ ರಥದ ಎದುರಿಗೆ ಇರುವ ಮಹಾಮಂಟಪದಲ್ಲಿ 56 ಕಂಬಗಳಿವೆ. ಅವುಗಳಲ್ಲಿ ಹಲವು ಕಂಬಗಳು ಒಂಟಿ ಕಂಬಗಳಲ್ಲ. ನಡುವೆ ಒಂದು ದಪ್ಪ ಕಂಬ, ಅದರ ಸುತ್ತ ತೆಳ್ಳನೆಯ ಕಿರುಗಂಬಗಳ ಗುಂಪು. ದನಿ ಬರೋದು ಈ ಕಿರುಗಂಬಗಳಿಂದ. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ: ನಡುಗಂಬ, ಕಿರುಗಂಬಗಳು, ಕೆಳಗಿನ ಪೀಠ, ಮೇಲಿನ ಭಾಗ ಎಲ್ಲವೂ ಒಂದೇ ಕಲ್ಲು. ಕಿರುಗಂಬಗಳನ್ನು ಬೇರೆ ಮಾಡಿ ತಂದು ನಿಲ್ಲಿಸಿದ್ದಲ್ಲ, ಒಂದೇ ದಿಮ್ಮಿಯಿಂದ ನಡುವಿನ ಕಲ್ಲನ್ನು ತೆಗೆದು ಬಿಡಿಸಿದ್ದು. ಯಾಕೆ ಹಾಗೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಕಂಬದ ಒಳಗೆ ಟೊಳ್ಳಿದೆ, ಅದಕ್ಕೇ ದನಿ ಬರುತ್ತದೆ ಅಂತ ನಂಬಿದವರು ಬಹಳ ಜನ. ಬ್ರಿಟಿಷರು ಅದನ್ನು ನೋಡಲೆಂದೇ ಎರಡು ಕಂಬ ಕತ್ತರಿಸಿದರು, ಒಳಗೆ ಏನೂ ಸಿಗಲಿಲ್ಲ ಅನ್ನುವ ಕತೆಯನ್ನು ಹಂಪಿಗೆ ಹೋದವರೆಲ್ಲ ಕೇಳಿರುತ್ತೀರಿ. ಕತೆ ಏನೇ ಇರಲಿ, ಟೊಳ್ಳಿಲ್ಲ ಅನ್ನೋದು ಈಗ ಅಳತೆಯಿಂದಲೇ ಗೊತ್ತಾಗಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಮಂಟಪದ 11 ಹೆಸರಾಂತ ಕಂಬಗಳನ್ನು ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲ್ಲಿಗೆ ಏನೂ ಹಾನಿಯಾಗದ ಪರೀಕ್ಷೆಗಳು ಅವು. ಅಣು ಸ್ಥಾವರದ ಲೋಹ, ಕಾಂಕ್ರೀಟುಗಳಲ್ಲಿ ಬಿರುಕು ಹುಡುಕಲು ಬಳಸುವಂಥ ವಿಧಾನಗಳನ್ನೇ ಇಲ್ಲಿ ತಂದರು. ಕಂಬವನ್ನು ತಟ್ಟಿ ದನಿ ರೆಕಾರ್ಡ್ ಮಾಡಿದರು. ಶ್ರವಣಾತೀತ ತರಂಗ ಕಳಿಸಿ ನೋಡಿದರು. ಸಣ್ಣ ಪೆಟ್ಟು ಕೊಟ್ಟು ಅದರ ಪ್ರತಿಧ್ವನಿಯಿಂದ ಆ ಕಲ್ಲಿನಲ್ಲಿ ಶಬ್ದದ ವೇಗ ಎಷ್ಟು ಅಂತ ಕಂಡುಕೊಂಡರು. ಕಿರುಗಂಬದ ಉದ್ದ, ದಪ್ಪ ಅಳೆದರು. ಆಮೇಲೆ, ಗಟ್ಟಿ ಕಲ್ಲಿನ ಸರಳು ಬಾಗಿ ಕಂಪಿಸಿದರೆ ಎಷ್ಟು ಕಂಪನ ಬರಬೇಕು ಅಂತ ಲೆಕ್ಕ ಹಾಕಿ, ರೆಕಾರ್ಡ್ ಆದ ದನಿಯ ಜೊತೆ ಹೋಲಿಸಿದರು. ಎರಡೂ ಚೆನ್ನಾಗಿ ತಾಳೆಯಾದವು. ಅಂದರೆ ದನಿ ಬರೋದು ಒಳಗಿನ ಗಾಳಿಯಿಂದ ಅಲ್ಲ, ಗಟ್ಟಿ ಕಲ್ಲು ಬಾಗಿ ಹಿಂದೆ ಮುಂದೆ ಆಡೋದರಿಂದ.

ಕಲ್ಲು ಬಾಗುತ್ತದಾ ಅಂತ ನೀವು ಕೇಳಬಹುದು. ಬಾಗುತ್ತದೆ. ಕಣ್ಣಿಗೆ ಕಾಣದಷ್ಟು, ಬೆರಳಿಗೂ ತಿಳಿಯದಷ್ಟು. ಮೇಜಿನ ಅಂಚಿನಿಂದ ಹೊರಗೆ ಚಾಚಿ ಹಿಡಿದ ಸ್ಟೀಲ್ ಸ್ಕೇಲನ್ನು ಮಿಡಿದಾಗ ಅದು ಆಡುವ ಹಾಗೆಯೇ ಇದೂ ಆಡುತ್ತದೆ, ವ್ಯತ್ಯಾಸ ಏನಂದರೆ ಕಂಬವನ್ನು ಎರಡೂ ತುದಿಯಲ್ಲಿ ಗಟ್ಟಿಯಾಗಿ ಹಿಡಿದಿದೆ. ನಡುಭಾಗ ಹೆಚ್ಚು ಆಡುತ್ತದೆ, ತುದಿಗಳು ಅಲ್ಲಾಡೋದೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಗುಣಾಕಾರ ಭಾಗಾಕಾರ ಅಷ್ಟೇ.

ಎರಡೂ ತುದಿ ಬಿಗಿಯಾದ ಚೌಕ ಕಿರುಗಂಬದ ಮೂಲ ಕಂಪನ ಬೇಕೆಂದರೆ ಹೀಗೆ ಮಾಡಿ: ದಪ್ಪವನ್ನು ಕಲ್ಲಿನೊಳಗಿನ ಶಬ್ದದ ವೇಗದಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಿ, ಕೊನೆಗೆ 1.03ರಿಂದ ಗುಣಿಸಿ. ಉದಾಹರಣೆಗೆ ಒಂದು ಕಿರುಗಂಬ ಇಟ್ಟುಕೊಳ್ಳೋಣ. ಇದು ನಾನು ಲೆಕ್ಕಕ್ಕೆಂದು ಹಿಡಿದ ಅಳತೆ, ಹಂಪಿಯ ಯಾವುದೋ ಒಂದು ಕಂಬದ್ದಲ್ಲ. ಉದ್ದ ಒಂದೂವರೆ ಮೀಟರ್, ದಪ್ಪ 10 ಸೆಂಟಿಮೀಟರ್. ಗ್ರಾನೈಟ್ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 4000 ಮೀಟರ್ ಅಂತ ಹಿಡಿಯೋಣ. ಉತ್ತರ ಸೆಕೆಂಡಿಗೆ ಸುಮಾರು 183 ಕಂಪನ. ಕರ್ನಾಟಕ ಸಂಗೀತ ಹಾಡುವ ಹೆಂಗಸರು ಸಾಮಾನ್ಯವಾಗಿ ಹಿಡಿಯುವ ಷಡ್ಜದ ಆಸುಪಾಸಿನಲ್ಲೇ ಇದೆ, ನೋಡಿ. ನಲವತ್ತು ಕಿಲೋ ತೂಕದ ಕಲ್ಲಿನಿಂದ ಮನುಷ್ಯರು ಹಾಡಬಹುದಾದ ಒಂದು ಸ್ವರ!

ಈ ಲೆಕ್ಕದಲ್ಲಿ ಎರಡು ಸಂಗತಿ ಅಡಗಿವೆ. ದಪ್ಪ ಹತ್ತು ಪಾಲಿನಲ್ಲಿ ಒಂದು ಪಾಲು ಕಮ್ಮಿಯಾದರೆ ದನಿಯೂ ಅಷ್ಟೇ ಕಮ್ಮಿಯಾಗುತ್ತದೆ. ಆದರೆ ಉದ್ದದ ಪ್ರಭಾವ ಜಾಸ್ತಿ. ಉದ್ದ ಅರ್ಧ ಮಾಡಿದರೆ ದನಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಏರುತ್ತದೆ, ಅಂದರೆ ಎರಡು ಸ್ಥಾಯಿ ಮೇಲೆ. ವೀಣೆಯ ತಂತಿ ಹೀಗಲ್ಲ. ತಂತಿಯ ಉದ್ದ ಅರ್ಧ ಮಾಡಿದರೆ ಒಂದೇ ಸ್ಥಾಯಿ ಏರೋದು. ಹಾಗಾಗಿ ವೀಣೆಯ ಮೆಟ್ಟಿಲಿನ ಲೆಕ್ಕವನ್ನು ಕಂಬಕ್ಕೆ ಹಾಕಿದರೆ ಪೂರ್ತಿ ತಪ್ಪುತ್ತದೆ.

ಈ ಲೆಕ್ಕದಲ್ಲಿ ಏಳು ಸ್ವರ ಕೂರಿಸೋಕೆ ಹೊರಟರೆ ಏನಾಗುತ್ತದೆ? ಉದ್ದ ಬದಲಿಸದೆ ಬರೀ ದಪ್ಪದಿಂದ ಮಾಡಿದರೆ, ಷಡ್ಜಕ್ಕೆ 10 ಸೆಂಟಿಮೀಟರ್ ಇದ್ದದ್ದು ಚತುಶ್ರುತಿ ರಿಷಭಕ್ಕೆ ಹನ್ನೊಂದೂಕಾಲು ಆಗಬೇಕು, ಪಂಚಮಕ್ಕೆ 15, ಮೇಲಿನ ಷಡ್ಜಕ್ಕೆ 20. ಒಂದೇ ಗುಂಪಿನಲ್ಲಿ ಒಂದು ಕಿರುಗಂಬ ಇನ್ನೊಂದರ ಎರಡರಷ್ಟು ದಪ್ಪ! ಕಣ್ಣಿಗೆ ಚೆನ್ನಾಗಿ ಕಾಣೋದಿಲ್ಲ. ದಪ್ಪ ಬದಲಿಸದೆ ಬರೀ ಉದ್ದದಿಂದ ಮಾಡಿದರೆ ಅಷ್ಟು ಕಷ್ಟವಿಲ್ಲ. ಷಡ್ಜಕ್ಕೆ 150 ಸೆಂಟಿಮೀಟರ್, ರಿಷಭಕ್ಕೆ 141, ಪಂಚಮಕ್ಕೆ 122, ಮೇಲಿನ ಷಡ್ಜಕ್ಕೆ 106. ಈ ವ್ಯತ್ಯಾಸವನ್ನು ಮುಚ್ಚುವುದು ಶಿಲ್ಪಿಗೆ ಗೊತ್ತಿತ್ತು. ಕಿರುಗಂಬದ ಬುಡದಲ್ಲಿ ಒಂದು ದಪ್ಪ ಪೀಠ, ನೆತ್ತಿಯಲ್ಲಿ ಒಂದು ಅಲಂಕಾರದ ಕಟ್ಟು ಉಳಿಸಿದರೆ ಆಯಿತು. ನೋಡುವವರಿಗೆ ಎಲ್ಲ ಕಿರುಗಂಬಗಳೂ ಒಂದೇ ಎತ್ತರ. ಆದರೆ ಕಂಪಿಸೋದು ಆ ದಪ್ಪ ಭಾಗಗಳ ನಡುವಿನ ತೆಳು ಕಾಂಡ ಮಾತ್ರ, ಅದರ ಉದ್ದ ಬೇರೆ ಬೇರೆ. ಮುಂದಿನ ಸಲ ಹೋದಾಗ ಆ ಪೀಠ, ಕಟ್ಟುಗಳನ್ನು ಬರೀ ಅಲಂಕಾರ ಅಂತ ನೋಡಬೇಡಿ. ಕಂಪಿಸುವ ಉದ್ದ ಎಲ್ಲಿಂದ ಎಲ್ಲಿಗೆ ಅಂತ ಗುರುತಿಸಿ ನೋಡಿ.

ಈಗ ಶಿಲ್ಪಿಯ ಕೆಲಸ. ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಕೆಲಸ ಕಲ್ಲಿನ ಆಯ್ಕೆ. ಕಲ್ಲನ್ನು ತಟ್ಟಿ ದನಿ ಕೇಳಿ ಆರಿಸೋದು ನಮ್ಮ ಶಿಲ್ಪಶಾಸ್ತ್ರದಲ್ಲಿ ಹಳೆಯ ಕ್ರಮ. ಗಂಡು ಕಲ್ಲು, ಹೆಣ್ಣು ಕಲ್ಲು, ನಪುಂಸಕ ಕಲ್ಲು ಅಂತ ವಿಂಗಡಿಸುತ್ತಾರೆ. ಗಂಡು, ಹೆಣ್ಣು ಎರಡೂ ಬೇರೆ ಬೇರೆ ರೀತಿಯಲ್ಲಿ ಅನುರಣಿಸುತ್ತವೆ, ನಪುಂಸಕ ಕಲ್ಲು ಮಂಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ, ಅದನ್ನು ಅಡಿಪಾಯಕ್ಕೆ ಬಿಡುತ್ತಾರೆ. ಇದರ ಹಿಂದೆ ಗಟ್ಟಿ ಕಾರಣ ಇದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ, ಕಂಪಿಸುವಾಗ ಆ ಬಿರುಕಿನ ಎರಡು ಮೈ ಒಂದಕ್ಕೊಂದು ಉಜ್ಜಿ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ದನಿ ಉಳಿಯೋದಿಲ್ಲ. ಅಂಥ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆತ್ತಿ ಆಮೇಲೆ ಮಂಕು ದನಿ ಬಂದರೆ ಏನು ಪ್ರಯೋಜನ, ಅಲ್ವಾ? ಮೊದಲೇ ತಟ್ಟಿ ನೋಡೋದೇ ಬುದ್ಧಿ.

ಆಮೇಲೆ ಬಿಡಿಸುವ ಕೆಲಸ. ಗ್ರಾನೈಟನ್ನು ಮರದ ಹಾಗೆ ಹೆರೆಯೋಕೆ ಆಗೋದಿಲ್ಲ. ಚೂಪು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಚಕ್ಕೆ ಚಕ್ಕೆಯಾಗಿ, ಪುಡಿ ಪುಡಿಯಾಗಿ ತೆಗೆಯಬೇಕು. ಕಿರುಗಂಬ ಮತ್ತು ನಡುಗಂಬದ ನಡುವಿನ ಸಂದು ಬಹಳ ಇಕ್ಕಟ್ಟು. ಆ ಸಂದಿನ ಕಲ್ಲು ಪೂರ್ತಿ ಹೋಗುವ ತನಕ ಕಿರುಗಂಬಕ್ಕೆ ಸ್ವಂತ ದನಿ ಇಲ್ಲ. ನಡುವೆ ಎಲ್ಲೋ ಒಂದು ಕಡೆ ಅಂಟಿಕೊಂಡಿದ್ದರೂ ಅದು ಅಷ್ಟು ಗಿಡ್ಡ ಕಂಬದ ಹಾಗೆ ವರ್ತಿಸುತ್ತದೆ. ಕೊನೆಯ ಅಂಟು ಬಿಟ್ಟಾಗ ಮೊದಲ ಸಲ ಪೂರ್ತಿ ಉದ್ದದ ದನಿ ಕೇಳುತ್ತದೆ. ಶ್ರುತಿ ಕೂರಿಸುವ ಕೆಲಸ ಅಲ್ಲಿಂದ ಶುರು.

ಶಿಲ್ಪಿಯ ಮುಂದೆ ಒಂದು ಕಠಿಣ ನಿಯಮ ಇದೆ. ಕಲ್ಲು ತೆಗೆಯಬಹುದು, ಹಾಕೋಕೆ ಆಗೋದಿಲ್ಲ. ಸುತ್ತಲೂ ಸಮನಾಗಿ ದಪ್ಪ ತೆಗೆದರೆ ದನಿ ಇಳಿಯುತ್ತದೆ. ಮೇಲೆ ಕೆಳಗೆ ಸಂದನ್ನು ಇನ್ನಷ್ಟು ಆಳ ಮಾಡಿದರೆ ಕಂಪಿಸುವ ಉದ್ದ ಹೆಚ್ಚುತ್ತದೆ, ಆಗಲೂ ದನಿ ಇಳಿಯುತ್ತದೆ. ಎರಡು ದಾರಿಯೂ ಕೆಳಕ್ಕೇ. ಹಾಗಾದರೆ ಬೇಕಾದ ಸ್ವರಕ್ಕಿಂತ ಮೇಲೆ ಶುರು ಮಾಡಿ, ಕೇಳುತ್ತ ಕೇಳುತ್ತ ಇಳಿಯಬೇಕು. ದಪ್ಪವಾಗಿ, ಗಿಡ್ಡವಾಗಿ ಬಿಟ್ಟು ಶುರು ಮಾಡದ ಶಿಲ್ಪಿಗೆ ಆಮೇಲೆ ದಾರಿ ಇಲ್ಲ.

ಇಳಿಯುವ ಮೆಟ್ಟಿಲು ಹೇಗಿವೆ ನೋಡಿ. ಕಂಬ ಕೆತ್ತುವ ನಮ್ಮ ಹಳೆಯ ಕ್ರಮ ಎಂದರೆ ಮೊದಲು ಚೌಕ, ಆಮೇಲೆ ನಾಲ್ಕು ಮೂಲೆ ಹೊಡೆದು ಎಂಟು ಮುಖ, ಮತ್ತೆ ಮೂಲೆ ಹೊಡೆದು ಹದಿನಾರು ಮುಖ, ಕೊನೆಗೆ ದುಂಡು. ನಮ್ಮ ಉದಾಹರಣೆಯ ಚೌಕ ಕಿರುಗಂಬಕ್ಕೆ 183 ಕಂಪನ ಇತ್ತು. ಅಗಲ 10 ಸೆಂಟಿಮೀಟರೇ ಇರಲಿ, ಬರೀ ನಾಲ್ಕು ಮೂಲೆ ಹೊಡೆದು ಎಂಟು ಮುಖ ಮಾಡಿ. ಲೆಕ್ಕ ಹಾಕಿದರೆ 163ಕ್ಕೆ ಇಳಿಯುತ್ತದೆ. ಇವೆರಡರ ಅನುಪಾತ ಚತುಶ್ರುತಿ ರಿಷಭಕ್ಕೂ ಷಡ್ಜಕ್ಕೂ ಇರುವ ಒಂಬತ್ತಕ್ಕೆ ಎಂಟರ ಅನುಪಾತವೇ, ಕಿವಿಗೆ ವ್ಯತ್ಯಾಸ ಸಿಗದಷ್ಟು ಹತ್ತಿರ. ಅಂದರೆ ಚೌಕದಲ್ಲಿ ರಿಷಭ ಕೇಳಿದರೆ, ಎಂಟು ಮುಖ ಮಾಡಿದಾಗ ಷಡ್ಜ. ಲೆಕ್ಕದ ಕಾಗದದ ಮೇಲೆ ಇದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಂದೆ ಹದಿನಾರು ಮುಖಕ್ಕೆ ಹೋದರೆ ಸುಮಾರು 160, ಪೂರ್ತಿ ದುಂಡು ಮಾಡಿದರೆ ಸುಮಾರು 158. ಮೊದಲ ಹೆಜ್ಜೆ ದೊಡ್ಡದು, ಎರಡನೆಯದು ಸಣ್ಣದು, ಮೂರನೆಯದು ಇನ್ನೂ ಸಣ್ಣದು. ಶಿಲ್ಪಿ ಕೈಗೆ ರೂಢಿಯಾದ ಕೆತ್ತನೆಯ ಕ್ರಮವೇ ಶ್ರುತಿಯನ್ನು ಒರಟಿನಿಂದ ನಯಕ್ಕೆ ತರುವ ಕ್ರಮವೂ ಆಗಿದೆ! ಅವರು ಇದನ್ನು ಸಂಖ್ಯೆಯಲ್ಲಿ ತಿಳಿದಿರಬೇಕಿಲ್ಲ. ಚೌಕ ಇದ್ದಾಗ ತಟ್ಟಿ, ಮೂಲೆ ಹೊಡೆದ ಮೇಲೆ ತಟ್ಟಿದ ಯಾವ ಶಿಲ್ಪಿಗೂ ಕಿವಿಯೇ ಹೇಳಿಬಿಡುತ್ತದೆ.

ದುಂಡಾದ ಮೇಲೆ ಉಳಿಯೋದು ನಯ ಮಾಡುವ ಕೆಲಸ, ಕಲ್ಲಿನಿಂದ ಕಲ್ಲನ್ನು, ಮರಳು ನೀರು ಹಾಕಿ ಉಜ್ಜೋದು. ಇದು ಕೂಡ ಶ್ರುತಿಯ ಕೆಲಸವೇ. ಸುತ್ತಲೂ ಒಂದು ಮಿಲಿಮೀಟರ್ ಹೋದರೆ ದಪ್ಪದಲ್ಲಿ ಎರಡು ಮಿಲಿಮೀಟರ್ ಕಮ್ಮಿ, ಅಂದರೆ ನೂರಕ್ಕೆ ಎರಡು. ಪಕ್ಕ ಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರ ನೂರಕ್ಕೆ ಸುಮಾರು ಆರು. ಹಾಗಾಗಿ ಒಂದು ಮಿಲಿಮೀಟರ್ ಉಜ್ಜಿದರೆ ಆ ಅಂತರದ ಮೂರರಲ್ಲಿ ಒಂದು ಪಾಲು ದನಿ ಇಳಿದು ಹೋಗುತ್ತದೆ. ಶ್ರುತಿಜ್ಞಾನ ಇರುವ ಯಾರಿಗೂ ಅದು ಗೊತ್ತಾಗುತ್ತದೆ. ನಯ ಮಾಡೋದಕ್ಕೆ ಎಷ್ಟು ಕಲ್ಲು ಹೋಗುತ್ತದೆ ಅನ್ನೋದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದರೆ, ಸ್ವರ ಸರಿಯಾಯಿತು ಅಂದುಕೊಂಡ ಕಂಬ ನಯವಾದ ಮೇಲೆ ಇಳಿದಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎಲ್ಲಿ ಕೆತ್ತುತ್ತೀರಿ ಅನ್ನೋದೂ ಮುಖ್ಯ. ಕಂಬ ಕಂಪಿಸುವಾಗ ಅತಿ ಹೆಚ್ಚು ಒತ್ತಡ ಬೀಳೋದು ಎರಡು ತುದಿಗಳಲ್ಲಿ. ಅಲ್ಲಿ ಸ್ವಲ್ಪ ಕಲ್ಲು ತೆಗೆದರೂ ಬಿಗಿ ಸಡಿಲವಾಗಿ ದನಿ ಬೇಗ ಇಳಿಯುತ್ತದೆ. ನಟ್ಟ ನಡುವೆ ಸುತ್ತಲೂ ತೆಗೆದರೆ ಬಿಗಿಯೂ ಕಮ್ಮಿ, ತೂಕವೂ ಕಮ್ಮಿ, ಎರಡೂ ಹೆಚ್ಚು ಕಮ್ಮಿ ಸರಿಹೋಗಿ ದನಿ ಬಹಳ ಬದಲಾಗೋದಿಲ್ಲ. ತುದಿಯಿಂದ ಕಾಲುಭಾಗಕ್ಕಿಂತ ಸ್ವಲ್ಪ ಕಮ್ಮಿ ದೂರದಲ್ಲಿ, ನಮ್ಮ ಕಿರುಗಂಬದಲ್ಲಾದರೆ ತುದಿಯಿಂದ ಒಂದಡಿಯಷ್ಟು ಒಳಗೆ, ಕಲ್ಲು ಬಾಗೋದೇ ಇಲ್ಲದ ಒಂದು ಜಾಗ ಇದೆ. ಅಲ್ಲಿ ತೆಗೆದರೆ ತೂಕ ಮಾತ್ರ ಕಮ್ಮಿಯಾಗಿ ದನಿ ಚೂರು ಏರುತ್ತದೆ. ಇಳಿದು ಹೋದ ಕಂಬವನ್ನು ಸ್ವಲ್ಪ ಮೇಲೆ ತರಲು ಶಿಲ್ಪಿಗೆ ಸಿಗುವ ಒಂದೇ ಒಂದು ಅವಕಾಶ ಅದು. ಬಹಳ ಸಣ್ಣ ಅವಕಾಶ. ಅರ್ಧ ಸ್ವರ ಇಳಿದಿದ್ದರೆ ಅದು ಉಳಿಸೋದಿಲ್ಲ.

ಈಗ ಒಂದೇ ಕಲ್ಲು ಯಾಕೆ ಅನ್ನುವ ಪ್ರಶ್ನೆ. ಕಿರುಗಂಬವನ್ನು ಬೇರೆ ಮಾಡಿ ಪೀಠದ ಗುಳಿಯಲ್ಲಿ ನಿಲ್ಲಿಸಿದರೆ ತುದಿ ಪೂರ್ತಿ ಬಿಗಿಯಾಗೋದಿಲ್ಲ. ಕೂಡಿಕೆಯಲ್ಲಿ ಶಕ್ತಿ ಸೋರುತ್ತದೆ, ದನಿ ಮಂಕಾಗುತ್ತದೆ, ಗಾರೆ ಸವೆದ ಹಾಗೆ ಸ್ವರವೂ ಬದಲಾಗುತ್ತದೆ. ಒಂದೇ ಕಲ್ಲಾದರೆ ಕೂಡಿಕೆಯೇ ಇಲ್ಲ. ಇದರ ಇನ್ನೊಂದು ಫಲವೂ ಇದೆ. ಒಂದು ಕಿರುಗಂಬ ತಟ್ಟಿದರೆ ಪೀಠದ ಮೂಲಕ ಪಕ್ಕದ್ದಕ್ಕೂ ಕಂಪನ ಹೋಗುತ್ತದೆ, ಅದರ ಸ್ವರ ಇದಕ್ಕೆ ಹೊಂದಿದರೆ ಅದೂ ದನಿಗೂಡಿಸುತ್ತದೆ. ತಮಿಳುನಾಡಿನ ತಿರುನೆಲ್ವೇಲಿಯ ನೆಲ್ಲೈಯಪ್ಪರ್ ದೇವಸ್ಥಾನದಲ್ಲಿ ಒಂದೇ ಕಲ್ಲಿನಿಂದ ಬಿಡಿಸಿದ 48 ಕಿರುಗಂಬಗಳ ಗುಂಪಿದೆ. ಅಂಥ ಗುಂಪಿನಲ್ಲಿ ಈ ಪರಿಣಾಮ ಚೆನ್ನಾಗಿ ಗೊತ್ತಾಗುತ್ತದೆ.

ದನಿಯ ಬಣ್ಣದ ಬಗ್ಗೆ ಒಂದು ಮಾತು. ತಂತಿಯ ಮೂಲ ಸ್ವರದ ಜೊತೆ ಬರುವ ಮೇಲಿನ ದನಿಗಳು ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಇರುತ್ತವೆ. ಅದಕ್ಕೇ ವೀಣೆಯ ದನಿ ಅಷ್ಟು ಕೂಡಿಕೊಂಡಿರುತ್ತದೆ. ಕಲ್ಲಿನ ಕಂಬದಲ್ಲಿ ಎರಡನೆಯ ದನಿ 2.76 ಪಟ್ಟು, ಮೂರನೆಯದು 5.4 ಪಟ್ಟು. ಅವು ಮೂಲ ಸ್ವರದ ಜೊತೆ ಕೂಡೋದಿಲ್ಲ. ಹಾಗಾಗಿ ಕಂಬ ಯಾವತ್ತೂ ವೀಣೆಯ ಹಾಗೆ ಕೇಳೋದಿಲ್ಲ, ಗಂಟೆ, ಜಲತರಂಗ, ಘಟದ ಕಡೆಗೇ ಹೋಗುತ್ತದೆ. ನಡುವೆ ತಟ್ಟಿದರೆ ಆ ಎರಡನೆಯ ದನಿ ಏಳೋದೇ ಇಲ್ಲ, ಸ್ವರ ಶುದ್ಧವಾಗಿರುತ್ತದೆ. ತುದಿಯ ಹತ್ತಿರ ತಟ್ಟಿದರೆ ಮೂಲ ಸ್ವರ ಸಣ್ಣಗಾಗಿ ಮೇಲಿನವು ಮುಂದೆ ಬರುತ್ತವೆ.

ಮಂಟಪದ 56 ಕಂಬಗಳೂ ಸರಿಗಮಪದನಿ ನುಡಿಸುತ್ತವೆ ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. ಎಲ್ಲ ತೆಳು ಕಿರುಗಂಬಕ್ಕೂ ಒಂದು ದನಿ ಇರುತ್ತದೆ, ಅದು ಕಲ್ಲಿನ ಸ್ವಭಾವ. ದನಿ ಇದ್ದ ಮಾತ್ರಕ್ಕೆ ಶ್ರುತಿ ಕೂರಿಸಿದ್ದಾರೆ ಅಂತ ಹೇಳಲಾಗದು. ಒಂದೇ ಗುಂಪಿನ ಕಿರುಗಂಬಗಳ ನಡುವೆ ಸ್ವರದ ಅನುಪಾತಗಳು ಸಿಕ್ಕರೆ, ಮತ್ತು ಅದಕ್ಕಾಗಿ ಉದ್ದ ದಪ್ಪಗಳನ್ನು ಬೇಕೆಂದೇ ಬದಲಿಸಿದ್ದು ಕಂಡರೆ, ಆಗ ಅದು ಶ್ರುತಿ ಕೂರಿಸಿದ ಕಂಬ. ಪರೀಕ್ಷೆ ಇಷ್ಟೇ. ಹೀಗೆ ಕೇಳಿದರೆ ಶಿಲ್ಪಿಗೆ ಗೌರವ ಕಮ್ಮಿಯಾಗೋದಿಲ್ಲ, ನಿಜವಾಗಿ ಕಷ್ಟಪಟ್ಟ ಕಂಬ ಯಾವುದು ಅಂತ ಗೊತ್ತಾಗುತ್ತದೆ.

ಮಾತಿನ ನಂತರ ಒಬ್ಬ ಹಿರಿಯರು ಕೇಳಿದರು: "ಸ್ವಾಮಿ, ಕಂಬ ಮಲಗಿಸಿಟ್ಟು ಶ್ರುತಿ ಮಾಡಿರ್ತಾರೆ. ಆಮೇಲೆ ಅದರ ಮೇಲೆ ಚಾವಣಿ ಕೂರಿಸಿದರೆ ಸ್ವರ ಕೆಡಲ್ವಾ?"

ಬಹಳ ಒಳ್ಳೆಯ ಪ್ರಶ್ನೆ. ಮೇಲಿನಿಂದ ಭಾರ ಬಿದ್ದರೆ ಸ್ವರ ಇಳಿಯುತ್ತದೆ, ನಿಜ. ಎಷ್ಟು ಅಂತ ನೋಡೋಣ. ನಮ್ಮ ಉದಾಹರಣೆಯ ಕಿರುಗಂಬ ಬಾಗಿ ಸೋಲಬೇಕಾದರೆ ಲೆಕ್ಕದ ಪ್ರಕಾರ ಅದರ ಮೇಲೆ ಸುಮಾರು 640 ಟನ್ ಹೇರಬೇಕು. ಚಾವಣಿಯ ಭಾರದಲ್ಲಿ ಒಂದು ಕಿರುಗಂಬದ ಪಾಲಿಗೆ ಐದು ಟನ್ ಬಂತು ಅಂತ ಇಟ್ಟುಕೊಂಡರೂ ಸ್ವರ ನೂರಕ್ಕೆ ಅರ್ಧದಷ್ಟೂ ಇಳಿಯೋದಿಲ್ಲ. ಅದೂ ಭಾರದ ಬಹುಪಾಲನ್ನು ನಡುಗಂಬವೇ ಹೊರುತ್ತದೆ. ಹಾಗಾಗಿ ನೆಲದ ಮೇಲೆ ಮಾಡಿದ ಶ್ರುತಿ ನಿಲ್ಲಿಸಿದ ಮೇಲೂ ಉಳಿಯುತ್ತದೆ.

ಸ್ವರ ಕೆಡಿಸೋದು ಭಾರವಲ್ಲ, ಬಿರುಕು. 1565ರ ಯುದ್ಧದ ನಂತರ ವಿಠ್ಠಲ ಗುಡಿಯ ಕಟ್ಟಡಗಳಲ್ಲಿ ದೊಡ್ಡ ಬೆಂಕಿ ಹಾಕಿದರು ಅಂತ ಇತಿಹಾಸಕಾರ ರಾಬರ್ಟ್ ಸೆವೆಲ್ ಬರೆದಿದ್ದಾರೆ. ಗ್ರಾನೈಟಿನಲ್ಲಿರುವ ಬೆಣಚು ಕಲ್ಲಿನ ಹರಳು 573 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಮ್ಮೆಲೇ ಹಿಗ್ಗುತ್ತದೆ, ಅಕ್ಕಪಕ್ಕದ ಹರಳುಗಳು ಅಷ್ಟು ಹಿಗ್ಗೋದಿಲ್ಲ, ಕಲ್ಲಿನ ತುಂಬ ಸಣ್ಣ ಬಿರುಕು ಬೀಳುತ್ತದೆ. ಇನ್ನು ನಮ್ಮ ಕಾಲದಲ್ಲಿ ನಾಣ್ಯ, ಕೀಲಿಕೈ, ಕಲ್ಲುಗಳಿಂದ ಬಡಿದ ಪ್ರವಾಸಿಗರೂ ಕಮ್ಮಿ ಇಲ್ಲ. ಪುರಾತತ್ವ ಇಲಾಖೆ ಕಂಬ ತಟ್ಟೋದನ್ನು ನಿಷೇಧಿಸಿದ್ದು ಸರಿ. ದಯವಿಟ್ಟು ಯಾರನ್ನೂ ಒತ್ತಾಯ ಮಾಡಿ ತಟ್ಟಿಸಬೇಡಿ. ರೆಕಾರ್ಡಿಂಗುಗಳು ಇವೆ, ಕೇಳಿ.

ಕೊನೆಗೆ ಒಬ್ಬ ಶಿಲ್ಪಕಲೆಯ ವಿದ್ಯಾರ್ಥಿನಿ ಕೇಳಿದಳು: "ಸರ್, ಈಗ ಹೊಸದಾಗಿ ಒಂದು ಮಾಡಬಹುದಾ?"

ಖಂಡಿತ ಮಾಡಬಹುದಮ್ಮ. ದನಿ ಉಳಿಯುವ ಕಲ್ಲು ಆರಿಸು. ಮೊದಲು ಅದೇ ದಿಮ್ಮಿಯಿಂದ ಒಂದು ತುಂಡು ತೆಗೆದು ಅದರಲ್ಲಿ ಶಬ್ದದ ವೇಗ ಅಳೆಸು, ಯಾಕೆಂದರೆ ಗ್ರಾನೈಟಿನಿಂದ ಗ್ರಾನೈಟಿಗೆ ಅದು ಬಹಳ ಬದಲಾಗುತ್ತದೆ, ನಾನು ಹೇಳಿದ 4000 ನಿನ್ನ ಕಲ್ಲಿಗೆ ಹೊಂದದೇ ಇರಬಹುದು. ಒಂದೇ ಪೀಠದ ಮೇಲೆ ಮೂರು ಕಿರುಗಂಬ ಸಾಕು, ಷಡ್ಜ, ಪಂಚಮ, ಮೇಲಿನ ಷಡ್ಜ. ಉದ್ದದಲ್ಲಿ ವ್ಯತ್ಯಾಸ ಇಡು, ದಪ್ಪ ಒಂದೇ ಇರಲಿ. ಚೌಕದಲ್ಲಿದ್ದಾಗ ಮೂರೂ ಬೇಕಾದ ಸ್ವರಕ್ಕಿಂತ ಒಂದು ಪೂರ್ತಿ ಸ್ವರಕ್ಕೂ ಸ್ವಲ್ಪ ಜಾಸ್ತಿಯೇ ಮೇಲಿರಬೇಕು. ಪಕ್ಕದಲ್ಲಿ ತಂಬೂರಿ ಇಟ್ಟುಕೋ. ಎಂಟು ಮುಖ ಮಾಡಿ ಕೇಳು, ಹದಿನಾರು ಮಾಡದೆ ಅಲ್ಲೇ ನಿಲ್ಲಬಹುದು. ಅಲ್ಲಿಂದ ಮುಂದೆ ಉಳಿ ಕೆಳಗಿಟ್ಟು ಮರಳು ನೀರಿನಲ್ಲಿ ಮಾತ್ರ ಇಳಿಸು. ಉಜ್ಜಿದಾಗ ಕಲ್ಲು ಬಿಸಿಯಾಗಿರುತ್ತದೆ, ತಣ್ಣಗಾದ ಮೇಲೆ, ಒಣಗಿದ ಮೇಲೆ ತಟ್ಟಿ ನೋಡು, ಒದ್ದೆ ಕಲ್ಲಿನ ದನಿ ನಂಬಬೇಡ. ಮೊದಲು ಷಡ್ಜ ಮುಗಿಸು, ಉಳಿದ ಎರಡನ್ನೂ ಅದಕ್ಕೆ ಹೊಂದಿಸು. ಷಡ್ಜ ಸ್ವಲ್ಪ ಇಳಿದು ಹೋದರೆ ಗಾಬರಿ ಬೇಡ, ಉಳಿದೆರಡನ್ನೂ ಅಷ್ಟೇ ಇಳಿಸಿಕೊಳ್ಳಬಹುದು. ಆದರೆ ಕೊನೆಯದು ಇಳಿದು ಹೋದರೆ ಮೊದಲಿನ ಎರಡನ್ನೂ ಮತ್ತೆ ಉಜ್ಜಬೇಕಾಗುತ್ತದೆ.